ಇಂಡೆಕ್ಸ್ ಫಂಡ್ ಆರಿಸುವ ಮುಂಚೆ: ಎಕ್ಸ್‌ಪೆನ್ಸ್ ರೇಶಿಯೋ, ಎಕ್ಸಿಟ್ ಲೋಡ್, ಟ್ರ್ಯಾಕಿಂಗ್ ಎರರ್ ಓದೋದು ಹೇಗೆ

ಒಂದು ಭಾನುವಾರ ಬೆಳಿಗ್ಗೆ ನನ್ನ ಭಾಮೈದ ವಿಜಯನಗರದ ನಮ್ಮ ಮನೆಗೆ ಬಂದ. ಮಾನ್ಯತಾದಲ್ಲಿ ಅವನ ಕೆಲಸ. ಬೋನಸ್ ಬಂದಿತ್ತು. ಮೂರು ಲಕ್ಷ ಒಂದೇ ಸಲ ಹಾಕಬೇಕು, ಜೊತೆಗೆ ತಿಂಗಳಿಗೆ ಹತ್ತು ಸಾವಿರದ ಎಸ್‌ಐಪಿ ಶುರು ಮಾಡಬೇಕು ಅಂತ ತೀರ್ಮಾನಿಸಿದ್ದ. ನಿಫ್ಟಿ 50 ಇಂಡೆಕ್ಸ್ ಫಂಡೇ ಬೇಕು ಅನ್ನೋದೂ ಗಟ್ಟಿಯಾಗಿತ್ತು. ಅಂದರೆ ನಿಫ್ಟಿ 50 ಎಂಬ ಪಟ್ಟಿಯಲ್ಲಿರುವ ಐವತ್ತು ಕಂಪನಿಗಳ ಷೇರನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಫಂಡ್. ಎರಡು ಫಂಡ್‌ಗಳ ಫ್ಯಾಕ್ಟ್‌ಶೀಟ್ ಮೊಬೈಲ್‌ನಲ್ಲಿ ತೋರಿಸಿ, "ಭಾವ, ಇದರ ಖರ್ಚು ಶೇ. 0.10, ಅದರದ್ದು 0.20. ಎರಡೂ ಅದೇ ಐವತ್ತು ಕಂಪನಿ. ಅಗ್ಗದ್ದು ತಗೊಂಡ್ರೆ ಆಯ್ತಲ್ವಾ?" ಅಂದ.

"ಕಾಫಿ ಕುಡಿ, ಆಮೇಲೆ ನೋಡೋಣ" ಅಂದೆ. ಎರಡು ಗಂಟೆ ಕೂತು ನೋಡಿದ ಮೇಲೆ ಅವನು ಕೊಂಡಿದ್ದು 0.20 ಇದ್ದ ಫಂಡನ್ನು. ಆವತ್ತು ಮಾಡಿದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ಫಂಡ್‌ಗಳ ಹೆಸರು ಬಿಟ್ಟಿದ್ದೇನೆ. ಅಗ್ಗದ್ದನ್ನು "ಅ", ಇನ್ನೊಂದನ್ನು "ಆ" ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲು: ನೀವು ನೋಡುತ್ತಿರುವುದು ಯಾವ ಪ್ಲಾನು?

ಒಂದೇ ಫಂಡಿಗೆ ಎರಡು ಪ್ಲಾನ್ ಇರುತ್ತವೆ. ರೆಗ್ಯುಲರ್ ಪ್ಲಾನ್‌ನಲ್ಲಿ ಮಧ್ಯದಲ್ಲಿರುವ ಏಜೆಂಟಿಗೋ ಬ್ಯಾಂಕಿಗೋ ಕಮಿಷನ್ ಹೋಗುತ್ತದೆ. ಡೈರೆಕ್ಟ್ ಪ್ಲಾನ್‌ನಲ್ಲಿ ಹೋಗುವುದಿಲ್ಲ. ಡೈರೆಕ್ಟ್ ಪ್ಲಾನ್ ಶುರುವಾಗಿದ್ದು 2013ರ ಜನವರಿ 1ರಿಂದ. ಷೇರುಗಳು ಅವೇ, ಮ್ಯಾನೇಜರ್ ಅವರೇ. ಖರ್ಚು ಬೇರೆ, ಆದ್ದರಿಂದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆಯೂ ಬೇರೆ.

ಭಾಮೈದ ಇಲ್ಲೇ ಎಡವಿದ್ದ. ಫ್ಯಾಕ್ಟ್‌ಶೀಟ್‌ನಲ್ಲಿ ಡೈರೆಕ್ಟ್ ಪ್ಲಾನಿನ ಖರ್ಚು ನೋಡಿದ್ದ. ಆದರೆ ಬ್ಯಾಂಕಿನ ಆ್ಯಪ್‌ನಲ್ಲಿ ಕೊಳ್ಳಲು ಹೊರಟಿದ್ದು ರೆಗ್ಯುಲರ್ ಪ್ಲಾನ್. ಅದರ ಖರ್ಚು ಶೇ. 0.60 ಇತ್ತು. ಹಣ ಕಟ್ಟುವ ಮುಂಚೆ ಫಂಡಿನ ಪೂರ್ತಿ ಹೆಸರು ಓದಿ. ಅದರಲ್ಲಿ `Direct` ಮತ್ತು `Growth` ಎರಡೂ ಪದ ಇರಬೇಕು. ಗ್ರೋತ್ ಅಂದರೆ ಲಾಭವನ್ನು ಹಂಚದೆ ಫಂಡಿನಲ್ಲೇ ಬೆಳೆಯಲು ಬಿಡುವುದು. `Regular` ಅಂತ ಇದ್ದರೆ, ಅಥವಾ ಆ ಎರಡು ಪದಗಳಲ್ಲಿ ಒಂದು ಕಾಣದಿದ್ದರೂ ಅಲ್ಲಿಗೇ ನಿಲ್ಲಿಸಿ. ಮುಂದಿನ ಲೆಕ್ಕವೆಲ್ಲ ಡೈರೆಕ್ಟ್, ಗ್ರೋತ್ ಪ್ಲಾನಿನದ್ದೇ.

ಎಕ್ಸ್‌ಪೆನ್ಸ್ ರೇಶಿಯೋ

ಇದು ಫಂಡನ್ನು ನಡೆಸಲು ಫಂಡ್ ಮನೆ, ಅಂದರೆ ಫಂಡಿನ ಕಂಪನಿ, ತೆಗೆದುಕೊಳ್ಳುವ ವರ್ಷದ ಖರ್ಚು. ನಿಮ್ಮ ಖಾತೆಯಿಂದ ಬೇರೆಯಾಗಿ ಕಡಿತ ಆಗುವುದಿಲ್ಲ, ಎಸ್‌ಎಂಎಸ್ ಬರುವುದಿಲ್ಲ. ಪ್ರತಿದಿನ ಒಂದಿಷ್ಟು ಪಾಲು ಕಳೆದ ಮೇಲೆಯೇ ಆ ದಿನದ ಎನ್‌ಎವಿ ಪ್ರಕಟವಾಗುತ್ತದೆ. ಮೂರು ಲಕ್ಷಕ್ಕೆ ಶೇ. 0.20 ಅಂದರೆ ವರ್ಷಕ್ಕೆ 600 ರೂಪಾಯಿ, ದಿನಕ್ಕೆ ಹತ್ತಿರ ಹತ್ತಿರ 1 ರೂಪಾಯಿ 64 ಪೈಸೆ. ಲಾಭ ಬರಲಿ ಬಿಡಲಿ, ಇದು ಹೋಗುತ್ತಲೇ ಇರುತ್ತದೆ.

ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಹತ್ತು ಸಾವಿರದ ಎಸ್‌ಐಪಿ 20 ವರ್ಷ ನಡೆಯಿತು ಅಂದುಕೊಳ್ಳಿ. ಖರ್ಚು ಕಳೆಯುವ ಮುಂಚಿನ ಗಳಿಕೆ ವರ್ಷಕ್ಕೆ ಶೇ. 11 ಅಂತ ಸುಮ್ನೆ ಇಟ್ಟುಕೊಳ್ಳೋಣ. 0.20 ಖರ್ಚಿನ ಫಂಡಿನಲ್ಲಿ ಕೊನೆಗೆ ಸುಮಾರು 84 ಲಕ್ಷ ಆಗುತ್ತದೆ. 0.60ರ ರೆಗ್ಯುಲರ್ ಪ್ಲಾನ್‌ನಲ್ಲಿ ಸುಮಾರು 80 ಲಕ್ಷ. ನಾಲ್ಕು ಲಕ್ಷದ ವ್ಯತ್ಯಾಸ. ಹಾಗಾಗಿ 0.60ಕ್ಕೂ 0.20ಕ್ಕೂ ನಡುವೆ ಯೋಚನೆಯೇ ಬೇಡ. 0.20ಕ್ಕೂ 0.10ಕ್ಕೂ ನಡುವೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಅಷ್ಟು ಸಣ್ಣ ಅಂತರವನ್ನು ಬೇರೆ ಕಾರಣಗಳು ನುಂಗಿಹಾಕಬಲ್ಲವು.

ಎಲ್ಲಿ ನೋಡಬೇಕು? ಫ್ಯಾಕ್ಟ್‌ಶೀಟ್‌ನಲ್ಲಿ ಇರುವುದು ತಿಂಗಳ ಹಳೆಯ ಅಂಕಿ. ಪ್ರತಿ ಫಂಡ್ ಮನೆಯ ವೆಬ್‌ಸೈಟಿನಲ್ಲಿ `Total Expense Ratio` ಎಂಬ ಪುಟ ಇರುತ್ತದೆ. ಅಲ್ಲಿ ದಿನದಿನದ ಖರ್ಚು ಸಿಗುತ್ತದೆ, ಹಿಂದಿನ ತಿಂಗಳುಗಳದ್ದನ್ನೂ ಡೌನ್‌ಲೋಡ್ ಮಾಡಬಹುದು. ಆ ಶೀಟಿನಲ್ಲಿ ಹಲವು ಕಾಲಂ ಇರುತ್ತವೆ: ಮೂಲ ಖರ್ಚು ಒಂದು ಕಡೆ, ಜಿಎಸ್‌ಟಿ ಇನ್ನೊಂದು ಕಡೆ. ನಿಮಗೆ ಬೇಕಾದ್ದು ಎಲ್ಲ ಸೇರಿದ ಒಟ್ಟು ಕಾಲಂ ಮಾತ್ರ.

ಹಿಂದಿನ ತಿಂಗಳುಗಳನ್ನು ತಪ್ಪದೆ ನೋಡಿ. ಹೊಸ ಫಂಡುಗಳು ಜನರನ್ನು ಸೆಳೆಯಲು ಕಡಿಮೆ ಖರ್ಚಿನಲ್ಲಿ ಶುರು ಮಾಡಿ, ಆಮೇಲೆ ಏರಿಸುವುದುಂಟು. ನಾವು "ಅ" ಫಂಡಿನ ಹಳೆಯ ಶೀಟುಗಳನ್ನು ತೆಗೆದು ನೋಡಿದೆವು. ಎರಡು ವರ್ಷದಿಂದ 0.10ರ ಆಸುಪಾಸಿನಲ್ಲೇ ಇತ್ತು. ಅಂದರೆ ಅದರಲ್ಲಿ ಮೋಸವಿಲ್ಲ. ಈ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಕ್ಸಿಟ್ ಲೋಡ್

ಬೇಗ ಹಣ ತೆಗೆದರೆ ಕಟ್ಟುವ ದಂಡ ಇದು. ನಿಫ್ಟಿ 50 ಫಂಡುಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಇದ್ದರೂ ಕೆಲವು ದಿನಗಳ ಒಳಗೆ ತೆಗೆದರೆ ಶೇ. 0.25ರಷ್ಟು. "ಅ" ಫಂಡಿನಲ್ಲಿ 30 ದಿನದೊಳಗೆ ತೆಗೆದರೆ 0.25 ಅಂತ ಇತ್ತು, "ಆ"ದಲ್ಲಿ ಇರಲಿಲ್ಲ. ಎನ್‌ಎವಿ 28.50 ಇದ್ದಾಗ 0.25 ಲೋಡ್ ಬಿದ್ದರೆ ಕೈಗೆ ಸಿಗುವುದು ಯೂನಿಟ್‌ಗೆ 28.43.

ಎಸ್‌ಐಪಿಯಲ್ಲಿ ಪ್ರತಿ ಕಂತಿಗೂ ದಿನಗಳ ಲೆಕ್ಕ ಬೇರೆ, ಇದು ಹಲವರಿಗೆ ಗೊತ್ತಿರುವುದಿಲ್ಲ. ಪ್ರತಿ ತಿಂಗಳು 5ನೇ ತಾರೀಖು ಕಂತು ಹೋಗುತ್ತದೆ, 20ಕ್ಕೆ ಎಲ್ಲವನ್ನೂ ತೆಗೆಯುತ್ತೀರಿ ಅಂದುಕೊಳ್ಳಿ. ಲೋಡ್ ಬೀಳುವುದು ಕೊನೆಯ ಕಂತಿಗೆ ಮಾತ್ರ. ಹತ್ತು ಸಾವಿರಕ್ಕೆ ಸುಮಾರು 25 ರೂಪಾಯಿ, ಒಂದು ದೋಸೆಯ ದುಡ್ಡೂ ಅಲ್ಲ. ಸ್ವಲ್ಪ ಭಾಗ ಮಾತ್ರ ತೆಗೆದರೆ ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೋಗುತ್ತವೆ, ಆಗ ಲೋಡ್ ಬಹುಶಃ ಬೀಳುವುದೇ ಇಲ್ಲ. ವಸೂಲಾದ ಹಣವೂ ಫಂಡ್ ಮನೆಯ ಜೇಬಿಗೆ ಹೋಗದೆ ಅದೇ ಫಂಡಿಗೆ ವಾಪಸ್ ಸೇರುತ್ತದೆ.

ಎಚ್ಚರ ಬೇಕಾದ ಜಾಗ ಒಂದೇ. ಒಂದು ಫಂಡಿನಿಂದ ಇನ್ನೊಂದಕ್ಕೆ ಸ್ವಿಚ್ ಮಾಡಿದರೆ ಅದು ಮಾರಾಟವೇ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬಂದರೂ ಅಷ್ಟೇ. ಲೋಡ್ ಇದ್ದರೆ ಬೀಳಬಹುದು, ತೆರಿಗೆಯ ಲೆಕ್ಕವಂತೂ ಶುರುವಾಗುತ್ತದೆ. ಇದಿಷ್ಟು ಬಿಟ್ಟರೆ, ವರ್ಷಗಟ್ಟಲೆ ಇಡುವವರು ಎಕ್ಸಿಟ್ ಲೋಡ್ ನೋಡಿ ನಿಫ್ಟಿ ಫಂಡ್ ಆರಿಸುವ ಅಗತ್ಯವಿಲ್ಲ. ನಾವು ಅದಕ್ಕೆ ಎರಡು ನಿಮಿಷ ಕೊಟ್ಟೆವು.

ಟ್ರ್ಯಾಕಿಂಗ್ ಎರರ್: ಹೆಸರೇ ದಾರಿ ತಪ್ಪಿಸುತ್ತದೆ

ಇಲ್ಲೇ ಜಾಸ್ತಿ ಹೊತ್ತು ಹೋಗಿದ್ದು. ಫ್ಯಾಕ್ಟ್‌ಶೀಟ್‌ನಲ್ಲಿ "ಅ"ದ ಟ್ರ್ಯಾಕಿಂಗ್ ಎರರ್ 0.04, "ಆ"ದ್ದು 0.05. ಭಾಮೈದ, "ನೋಡಿ, ಇದರಲ್ಲೂ ಅಗ್ಗದ್ದೇ ಮುಂದೆ" ಅಂದ. ಇಂಡೆಕ್ಸಿಗಿಂತ ಫಂಡ್ ಎಷ್ಟು ಹಿಂದೆ ಬಿದ್ದಿದೆ ಅನ್ನುವುದೇ ಟ್ರ್ಯಾಕಿಂಗ್ ಎರರ್ ಅಂತ ಅವನು ತಿಳಿದಿದ್ದ. ಅದು ಹಾಗಲ್ಲ.

ಮೆಜೆಸ್ಟಿಕ್‌ನಿಂದ ಹೊರಡುವ ಎರಡು ಬಸ್ಸುಗಳನ್ನು ನೆನೆಸಿಕೊಳ್ಳಿ. ಒಂದು ದಿನಾ ಹತ್ತು ನಿಮಿಷ ತಡ, ಒಂದು ದಿನವೂ ಆಚೀಚೆ ಇಲ್ಲ. ಇನ್ನೊಂದು ಒಂದು ದಿನ ಮೂರು ನಿಮಿಷ ಮುಂಚೆ, ಒಂದು ದಿನ ಐದು ನಿಮಿಷ ತಡ. ಟ್ರ್ಯಾಕಿಂಗ್ ಎರರ್ ಅಳೆಯುವುದು ಈ ಆಚೀಚೆಯನ್ನು ಮಾತ್ರ. ಆ ಅಳತೆಯಲ್ಲಿ ದಿನಾ ಹತ್ತು ನಿಮಿಷ ತಡವಾಗುವ ಬಸ್ಸಿಗೆ ಸೊನ್ನೆ ಬರುತ್ತದೆ. ಅದೇ ಒಳ್ಳೆಯ ಬಸ್ಸು ಅಂತ ಕಾಣುತ್ತದೆ!

ಫಂಡಿನಲ್ಲೂ ಹಾಗೆಯೇ. ಪ್ರತಿದಿನ ಫಂಡ್ ಎಷ್ಟು ಏರಿತು, ಇಂಡೆಕ್ಸ್ ಎಷ್ಟು ಏರಿತು ಅಂತ ನೋಡಿ ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಒಂದು ವರ್ಷದ ಆ ವ್ಯತ್ಯಾಸಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದೇ ಟ್ರ್ಯಾಕಿಂಗ್ ಎರರ್. ಒಂದು ಫಂಡ್ ದಿನವೂ ಸರಿಯಾಗಿ 0.001ರಷ್ಟು ಹಿಂದೆ ಬಿದ್ದರೆ, ವ್ಯವಹಾರ ನಡೆಯುವ ಸುಮಾರು 250 ದಿನಗಳಲ್ಲಿ ಶೇ. 0.25 ಹಿಂದೆ ಉಳಿಯುತ್ತದೆ. ಆದರೂ ಟ್ರ್ಯಾಕಿಂಗ್ ಎರರ್ ಸೊನ್ನೆ.

ನಿಮ್ಮ ಜೇಬಿಗೆ ಸಂಬಂಧಪಟ್ಟಿದ್ದು ಇನ್ನೊಂದು ಅಂಕಿ: ಟ್ರ್ಯಾಕಿಂಗ್ ಡಿಫರೆನ್ಸ್. ವರ್ಷದ ಕೊನೆಗೆ ಇಂಡೆಕ್ಸಿಗಿಂತ ಒಟ್ಟು ಎಷ್ಟು ಹಿಂದೆ ಉಳಿದೆವು ಅಂತ ಅದು ಹೇಳುತ್ತದೆ. ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2022ರ ಮೇ ತಿಂಗಳ ಸುತ್ತೋಲೆಯಲ್ಲಿ ಎರಡನ್ನೂ ಪ್ರಕಟಿಸಲೇಬೇಕು ಅಂತ ಮಾಡಿತು. ಟ್ರ್ಯಾಕಿಂಗ್ ಎರರ್ ಪ್ರತಿದಿನ. ಡಿಫರೆನ್ಸ್ ತಿಂಗಳಿಗೊಮ್ಮೆ, ಅದೂ 1, 3, 5, 10 ವರ್ಷದ್ದು ಮತ್ತು ಫಂಡ್ ಶುರುವಾದಾಗಿನಿಂದ ಇಂದಿನವರೆಗಿನದ್ದು. ಫಂಡ್ ಮನೆಯ ವೆಬ್‌ಸೈಟಿನಲ್ಲೂ ಸಿಗುತ್ತದೆ, ಫಂಡ್ ಮನೆಗಳ ಸಂಘವಾದ ಆಂಫಿಯ `amfiindia.com`ನಲ್ಲೂ ಸಿಗುತ್ತದೆ. ಆಂಫಿ ಪುಟದಲ್ಲಿ ನೋಡುವುದೇ ನನಗೆ ಇಷ್ಟ. ಎಲ್ಲ ಫಂಡುಗಳೂ ಒಂದೇ ಜಾಗದಲ್ಲಿ ಇರುವುದರಿಂದ ಹೋಲಿಸುವುದು ಸುಲಭ.

ಅದೇ ಸುತ್ತೋಲೆಯಲ್ಲಿ ಟ್ರ್ಯಾಕಿಂಗ್ ಎರರ್ ಶೇ. 2 ದಾಟಬಾರದು ಅಂತಲೂ ಇದೆ. ಅದನ್ನು ನೋಡಿ "0.5 ಇದ್ದರೂ ಪರವಾಗಿಲ್ಲ" ಅಂದುಕೊಳ್ಳಬೇಡಿ. ಆ ಮಿತಿ ಕೊಳ್ಳಲು ಮಾರಲು ಕಷ್ಟವಾದ ಸಣ್ಣ ಕಂಪನಿಗಳ ಇಂಡೆಕ್ಸಿಗೂ ಸೇರಿ ಇಟ್ಟಿದ್ದು. ನಿಫ್ಟಿ 50ಯಲ್ಲಿ ಇರುವುದು ದೇಶದಲ್ಲೇ ಅತಿ ಸುಲಭವಾಗಿ ಕೈ ಬದಲಾಗುವ ಷೇರುಗಳು. ಅಲ್ಲಿ 0.5 ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಹೋಲಿಕೆ ಯಾವಾಗಲೂ ಒಂದೇ ಇಂಡೆಕ್ಸಿನ ಫಂಡುಗಳ ನಡುವೆ ಇರಲಿ.

ನೀವೇ ಲೆಕ್ಕ ಹಾಕಿ ನೋಡಿ

ಪ್ರಕಟವಾದ ಅಂಕಿಯನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿದರೆ ವಿಷಯ ಮನಸ್ಸಿಗೆ ಇಳಿಯುತ್ತದೆ. ಬೇಕಾದ್ದು ನಾಲ್ಕೇ ಸಂಖ್ಯೆ: ಒಂದು ವರ್ಷ ಅಂತರದ ಎರಡು ದಿನಗಳ ಎನ್‌ಎವಿ, ಅದೇ ಎರಡು ದಿನಗಳ ಇಂಡೆಕ್ಸ್. ಎನ್‌ಎವಿ ಆಂಫಿಯಲ್ಲಿದೆ. ಇಂಡೆಕ್ಸ್ `niftyindices.com`ನ ಹಳೆಯ ದತ್ತಾಂಶದ ಪುಟದಲ್ಲಿದೆ.

ಇಂಡೆಕ್ಸ್ ತೆಗೆಯುವಾಗ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೆ. ಟಿವಿಯಲ್ಲಿ ಕಾಣುವ ನಿಫ್ಟಿಯಲ್ಲಿ ಕಂಪನಿಗಳು ಕೊಡುವ ಡಿವಿಡೆಂಡ್ ಸೇರಿರುವುದಿಲ್ಲ. ಫಂಡಿಗೆ ಮಾತ್ರ ಅದು ಬರುತ್ತಲೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಟಿವಿಯ ನಿಫ್ಟಿಗೆ ಹೋಲಿಸಿ, "ನನ್ನ ಇಂಡೆಕ್ಸ್ ಫಂಡ್ ಇಂಡೆಕ್ಸನ್ನೇ ಮೀರಿಸಿದೆ" ಅಂತ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದ್ದೆ. ನಿಜವಾಗಿ ಅದು ಹಿಂದೆ ಬಿದ್ದಿತ್ತು. ಡಿವಿಡೆಂಡ್ ಸೇರಿದ ಇಂಡೆಕ್ಸಿಗೆ ಟಿಆರ್‌ಐ ಅನ್ನುತ್ತಾರೆ. ಪುಟದಲ್ಲಿ ಅದು `Total Returns Index` ಅಂತ ಇರುತ್ತದೆ. ಫಂಡ್ ಮನೆಗಳೂ 2018ರ ಫೆಬ್ರವರಿಯಿಂದ ಟಿಆರ್‌ಐಗೇ ಹೋಲಿಸಿ ತೋರಿಸಬೇಕು. ನಿಮ್ಮ ಲೆಕ್ಕದಲ್ಲಿ ಫಂಡ್ ಇಂಡೆಕ್ಸಿಗಿಂತ ಶೇ. 1ರಷ್ಟು ಮುಂದಿದ್ದರೆ, ಖುಷಿಪಡುವ ಮುಂಚೆ ಯಾವ ಇಂಡೆಕ್ಸ್ ಇಳಿಸಿಕೊಂಡಿದ್ದೀರಿ ನೋಡಿ.

ಶೀಟಿನಲ್ಲಿ B ಕಾಲಂನಲ್ಲಿ ಎನ್‌ಎವಿ, C ಕಾಲಂನಲ್ಲಿ ಟಿಆರ್‌ಐ ಹಾಕಿ. ಮೇಲಿನ ಸಾಲು ಹಳೆಯ ದಿನ, ಕೆಳಗಿನದು ಹೊಸ ದಿನ.

```
=(B2/B1-1)-(C2/C1-1)
```

ನಮ್ಮ ಲೆಕ್ಕ ಹೀಗೆ ಬಂತು. ಟಿಆರ್‌ಐ 34,000ದಿಂದ 38,080ಕ್ಕೆ ಹೋಗಿತ್ತು, ಅಂದರೆ ಶೇ. 12.00. "ಅ"ದ ಎನ್‌ಎವಿ 140.00ರಿಂದ 156.27ಕ್ಕೆ, ಶೇ. 11.62. "ಆ"ದ್ದು 25.50ರಿಂದ 28.50ಕ್ಕೆ, ಶೇ. 11.76. ಅಗ್ಗದ ಫಂಡ್ 0.38 ಹಿಂದೆ. ದುಬಾರಿ ಅನ್ನಿಸಿದ್ದು 0.24 ಮಾತ್ರ ಹಿಂದೆ.

ಭಾಮೈದ ಎರಡು ಸಲ ಟೈಪ್ ಮಾಡಿ ನೋಡಿದ. "ಇದು ಹೇಗೆ ಭಾವ? ಖರ್ಚು ಅರ್ಧ ಇದೆಯಲ್ಲ?"

ಎಷ್ಟು ಹಿಂದೆ ಬಿದ್ದಿದೆಯೋ ಆ ಅಂಕಿಯಿಂದ ಎಕ್ಸ್‌ಪೆನ್ಸ್ ರೇಶಿಯೋ ಕಳೆಯಿರಿ. "ಆ"ದಲ್ಲಿ 0.24ರಿಂದ 0.20 ಹೋದರೆ ಉಳಿಯುವುದು 0.04. "ಅ"ದಲ್ಲಿ 0.38ರಿಂದ 0.10 ಹೋದರೆ 0.28 ಉಳಿಯುತ್ತದೆ. ಈ ಉಳಿಕೆ ಯಾವ ಖರ್ಚಿನ ಪುಟದಲ್ಲೂ ಇರುವುದಿಲ್ಲ. ಫಂಡ್ ನಡೆಸುವ ಕೈಚಳಕ ಎಷ್ಟಿದೆ ಅನ್ನುವುದು ಇದರಲ್ಲೇ ಗೊತ್ತಾಗುವುದು.

ದಿನದಿನದ ಸಂಖ್ಯೆ ಇಳಿಸಿಕೊಂಡರೆ ಟ್ರ್ಯಾಕಿಂಗ್ ಎರರ್ ಕೂಡ ತೆಗೆಯಬಹುದು. D ಕಾಲಂನಲ್ಲಿ ಪ್ರತಿದಿನದ ಫಂಡ್ ಗಳಿಕೆಯಿಂದ ಟಿಆರ್‌ಐ ಗಳಿಕೆಯನ್ನು ಕಳೆದು ಬರೆದಿದ್ದರೆ:

```
=STDEV.S(D2:D251)*SQRT(250)
```

ಆ 0.28 ಎಲ್ಲಿ ಹೋಯಿತು?

ಫಂಡುಗಳು ಹೀಗೆ ಹಿಂದೆ ಬೀಳಲು ಒಂದು ಕಾರಣ ಕೈಯಲ್ಲಿ ಉಳಿಯುವ ನಗದು. ಇಂಡೆಕ್ಸಿನಲ್ಲಿ ನಗದು ಇಲ್ಲ, ಅದು ಬರೀ ಲೆಕ್ಕ. ಫಂಡಿಗೆ ಮಾತ್ರ ಪ್ರತಿದಿನ ಹೊಸ ಹಣ ಬರುತ್ತದೆ, ಹೋಗುವವರಿಗೂ ಕೊಡಬೇಕು. ಆ ಹಣ ಷೇರು ಆಗುವಷ್ಟರಲ್ಲಿ ಮಾರುಕಟ್ಟೆ ಏರಿದರೆ ಫಂಡ್ ಹಿಂದೆ ಬೀಳುತ್ತದೆ. ಮಾರುಕಟ್ಟೆ ಇಳಿದರೆ ಅದೇ ನಗದು ಫಂಡನ್ನು ಕಾಪಾಡಿ ಮುಂದೆ ತರುತ್ತದೆ. ನಗದು ಜಾಸ್ತಿ ಇಡುವ ಫಂಡಿನಲ್ಲಿ ಆಚೀಚೆ ಜಾಸ್ತಿ, ಅಂದರೆ ಟ್ರ್ಯಾಕಿಂಗ್ ಎರರ್ ಜಾಸ್ತಿ. "ಅ"ದ ಎರರ್ 0.04 ಮಾತ್ರ ಇದ್ದದ್ದರಿಂದ ಅದರಲ್ಲಿ ನಗದೇ ಮುಖ್ಯ ಕಾರಣ ಅನ್ನಲಾಗದು. ಫ್ಯಾಕ್ಟ್‌ಶೀಟ್‌ನ ಷೇರು ಪಟ್ಟಿಯ ಕೊನೆಯ ಸಾಲಿನಲ್ಲಿ ನಗದಿನ ಪಾಲು ಇರುತ್ತದೆ. ಮೂರ್ನಾಲ್ಕು ತಿಂಗಳದ್ದನ್ನು ಒಟ್ಟಿಗೆ ಇಟ್ಟು ನೋಡಿ.

ಇನ್ನೊಂದು ಕಾರಣ, ಕೊಳ್ಳುವ ಮಾರುವ ವೆಚ್ಚ. ನಿಫ್ಟಿ 50ಯ ಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಬದಲಾಗುತ್ತದೆ. ಹೊರಹೋದ ಕಂಪನಿಯನ್ನು ಮಾರಬೇಕು, ಒಳಬಂದದ್ದನ್ನು ಕೊಳ್ಳಬೇಕು. ಫಂಡಾದರೂ ಬ್ರೋಕರೇಜ್, ಷೇರು ವ್ಯವಹಾರದ ಮೇಲಿನ ತೆರಿಗೆಯಾದ ಎಸ್‌ಟಿಟಿ ಕಟ್ಟಲೇಬೇಕು. ಇಂಡೆಕ್ಸ್ ಇದ್ಯಾವುದನ್ನೂ ಕಟ್ಟುವುದಿಲ್ಲ.

ಕೆಲವೊಮ್ಮೆ ಮ್ಯಾನೇಜರ್ ಕೈಯಲ್ಲಿ ಏನೂ ಇರುವುದಿಲ್ಲ. 2023ರ ಜುಲೈ 20ರಂದು ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರೆಯಾಯಿತು. ಅದರ ಬೆಲೆ 261.85 ಅಂತ ತೀರ್ಮಾನವಾಯಿತು. ಆದರೆ ಷೇರು ಮಾರುಕಟ್ಟೆಗೆ ಬಂದಿದ್ದು ಆಗಸ್ಟ್ 21ಕ್ಕೆ. ಆ ದಿನಗಳಲ್ಲಿ ನಿಫ್ಟಿ 50ಯಲ್ಲಿ ಐವತ್ತೊಂದು ಕಂಪನಿ ಇದ್ದವು! ಬಂದ ಕೂಡಲೇ ಷೇರು ಲೋವರ್ ಸರ್ಕ್ಯೂಟ್‌ಗೆ, ಅಂದರೆ ಒಂದು ದಿನದಲ್ಲಿ ಬೀಳಬಹುದಾದ ಕೊನೆಯ ಮಿತಿಗೆ ಬಿತ್ತು. ಮಾರಬೇಕಾದ ಇಂಡೆಕ್ಸ್ ಫಂಡುಗಳಿಗೆ ಕೊಳ್ಳುವವರೇ ಸಿಗಲಿಲ್ಲ. ಕೊನೆಗೆ ಅದನ್ನು ಇಂಡೆಕ್ಸಿನಿಂದ ತೆಗೆಯುವ ದಿನವನ್ನೇ ಮುಂದೂಡಬೇಕಾಯಿತು. ಇಂಥ ತಿಂಗಳುಗಳಲ್ಲಿ ಎಲ್ಲ ಫಂಡುಗಳ ಅಂಕಿಯೂ ಸ್ವಲ್ಪ ಅಲ್ಲಾಡುತ್ತದೆ. ಒಂದೇ ಫಂಡ್ ಅಲ್ಲಾಡಿದರೆ ತಪ್ಪು ಅದರದ್ದು.

ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ

ನಾನು 3 ವರ್ಷದ ಡಿಫರೆನ್ಸ್‌ಗೆ ಜಾಸ್ತಿ ಬೆಲೆ ಕೊಡುತ್ತೇನೆ. ಆದರೆ ಹಳೆಯ ಡಿಫರೆನ್ಸ್‌ನಲ್ಲಿ ಹಳೆಯ ಖರ್ಚೂ ಸೇರಿರುತ್ತದೆ. ಒಂದು ಫಂಡ್ ಎರಡು ತಿಂಗಳ ಹಿಂದೆ ಖರ್ಚನ್ನು 0.40ರಿಂದ 0.10ಕ್ಕೆ ಇಳಿಸಿದ್ದರೆ, ಅದರ 3 ವರ್ಷದ ಅಂಕಿ ಕೆಟ್ಟದಾಗಿಯೇ ಕಾಣುತ್ತದೆ. ಆಗ ಫಂಡನ್ನು ಬೈಯುವುದು ಅನ್ಯಾಯ. ಇದಕ್ಕೇ ಹಳೆಯ ಖರ್ಚಿನ ಶೀಟುಗಳನ್ನು ತೆಗೆಯಿರಿ ಅಂದಿದ್ದು. "ಅ" ಫಂಡಿಗೆ ಈ ನೆಪ ಇರಲಿಲ್ಲ. ಎರಡು ವರ್ಷದಿಂದ ಖರ್ಚು 0.10ರಲ್ಲೇ ಇತ್ತು, ಆದರೂ ಹಿಂದೆ ಬಿದ್ದಿತ್ತು. ಆಂಫಿ ಪುಟದಲ್ಲಿ 3 ವರ್ಷದ ಸಾಲಿನಲ್ಲೂ "ಆ"ವೇ ಮುಂದಿತ್ತು. ಒಂದು ವರ್ಷವೂ ತುಂಬದ ಹೊಸ ಫಂಡಾಗಿದ್ದರೆ ಓದಲು ಏನೂ ಇರುವುದಿಲ್ಲ. ಅಂಥದ್ದನ್ನು ನಾನು ಬಿಟ್ಟುಬಿಡುತ್ತೇನೆ.

ಡಿಫರೆನ್ಸ್ ಎರಡರಲ್ಲೂ ಹತ್ತಿರ ಹತ್ತಿರ ಒಂದೇ ಇದ್ದರೆ ಮಾತ್ರ ಟ್ರ್ಯಾಕಿಂಗ್ ಎರರ್ ಕಡಿಮೆ ಇರುವುದನ್ನು ಆರಿಸಿ. ಅಲ್ಲಿ ಆ ಅಂಕಿಗೆ ನಿಜವಾದ ಕೆಲಸವಿದೆ. ನೀವು ಹಣ ತೆಗೆಯುವ ದಿನ ಬಸ್ಸು ಯಾವಾಗ ಬರುತ್ತದೋ ಅನ್ನುವ ಆತಂಕ ಕಡಿಮೆ.

ಮೂರು ಲಕ್ಷಕ್ಕೆ 0.14ರ ವ್ಯತ್ಯಾಸ ಅಂದರೆ ವರ್ಷಕ್ಕೆ 420 ರೂಪಾಯಿ. ಇದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ ನಿಜ. ಆದರೆ ಕೊಳ್ಳುವ ಮುಂಚೆ ಆರಿಸುವುದಕ್ಕೆ ಕಾಸಿನ ಖರ್ಚಿಲ್ಲ. ಕೊಂಡ ಮೇಲೆ ಬದಲಾಯಿಸುವುದಕ್ಕೆ ಇದೆ. ಅದು ನಮಗೆ ಆರು ತಿಂಗಳಲ್ಲೇ ಗೊತ್ತಾಯಿತು.

ಖರ್ಚು ಏರಿಸಿದ ಮೇಲ್ ಬಂದಾಗ

ಖರ್ಚು ಏರಿಸುವ ಮುಂಚೆ ಫಂಡ್ ಮನೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ತಿಳಿಸಬೇಕು. ಅಂಥದೊಂದು ಮೇಲ್ ಭಾಮೈದನಿಗೆ ಬಂತು. "ಆ" ಫಂಡ್ 0.20ರಿಂದ 0.26ಕ್ಕೆ. ಫೋನ್ ಮಾಡಿ, "ಭಾವ, ಮಾರಿ ಬೇರೆದಕ್ಕೆ ಹೋಗ್ಲಾ?" ಅಂದ.

ಅವನ ಮೂರು ಲಕ್ಷ ಆಗ 3,18,000 ಆಗಿತ್ತು. 0.06 ಅಂದರೆ ವರ್ಷಕ್ಕೆ ಸುಮಾರು 190 ರೂಪಾಯಿ ಜಾಸ್ತಿ. ಮಾರಿದರೆ 18,000 ಲಾಭಕ್ಕೆ, ಇನ್ನೂ ವರ್ಷ ತುಂಬಿಲ್ಲವಾದ್ದರಿಂದ, ಶೇ. 20 ತೆರಿಗೆ: 3,600 ರೂಪಾಯಿ, ಸೆಸ್ ಬೇರೆ. 190 ಉಳಿಸಲು 3,600 ಕಟ್ಟಬೇಕು. "ಆ ಮೂರು ಲಕ್ಷ ಅಲ್ಲೇ ಇರಲಿ ಕಣೋ" ಅಂದೆ. "ಮುಂದಿನ ಎರಡು ತಿಂಗಳ ಡಿಫರೆನ್ಸ್ ನೋಡು. ಜಾಸ್ತಿ ಹಿಂದೆ ಬಿದ್ದರೆ ಎಸ್‌ಐಪಿ ಮಾತ್ರ ಬೇರೆ ಫಂಡಿಗೆ ತಿರುಗಿಸು. ಎಸ್‌ಐಪಿ ನಿಲ್ಲಿಸುವುದಕ್ಕೆ ತೆರಿಗೆಯೂ ಇಲ್ಲ, ಲೋಡೂ ಇಲ್ಲ."

ಈಗ ಅವನ ಮೊಬೈಲ್‌ನಲ್ಲಿ ಪ್ರತಿ ತಿಂಗಳ 15ಕ್ಕೆ ಒಂದು ರಿಮೈಂಡರ್ ಬರುತ್ತದೆ. ಆಂಫಿ ಪುಟ ತೆಗೆದು ಒಂದು ಅಂಕಿ ಬರೆದುಕೊಳ್ಳುತ್ತಾನೆ. ಎಸ್‌ಐಪಿ ಇನ್ನೂ ಅದೇ ಫಂಡಿನಲ್ಲಿದೆ.